ತಾಳೆ ಆದ ಲೆಕ್ಕವೂ ತಪ್ಪಿರಬಹುದು: ಫಿಫೋ ಮತ್ತು ಅರ್ಧಕ್ಕೆ ನಿಂತ 400 ಬ್ಯಾಟರಿ

ಪ್ರಶ್ನೆ: ಸರ್, ನಾನು ಚಾಕಣದ ಒಂದು ಇನ್ವರ್ಟರ್ ಬ್ಯಾಟರಿ ಫ್ಯಾಕ್ಟರಿಯ ಅಕೌಂಟ್ಸ್‌ನಲ್ಲಿದ್ದೇನೆ. ಊರು ಗದಗ, ಈಗ ಚಿಂಚವಡದಲ್ಲಿ ಮನೆ. ಸಂಜೆ ಸಿಎಂಎ ಇಂಟರ್‌ಗೆ ಓದುತ್ತಿದ್ದೇನೆ. ನಮ್ಮ ಚಾರ್ಜಿಂಗ್ ವಿಭಾಗದ ಏಪ್ರಿಲ್ ಲೆಕ್ಕವನ್ನು ಫಿಫೋದಲ್ಲಿ, ಅಂದರೆ ಮೊದಲು ಬಂದ ಮಾಲು ಮೊದಲು ಮುಗಿಯುತ್ತದೆ ಅಂತ ಹಿಡಿದು, ಮಾಡಿ ನೋಡಿದೆ. ತಿಂಗಳ ಶುರುವಿಗೆ 400 ಬ್ಯಾಟರಿ ಇದ್ದವು, ಕೆಲಸ 60% ಆಗಿತ್ತು. ಅಸೆಂಬ್ಲಿಯಿಂದ 3,000 ಬಂದವು. ಕೊನೆಗೆ 500 ಉಳಿದವು, 30% ಆಗಿತ್ತು. ಚಾರ್ಜಿಂಗ್ ಖರ್ಚು 8,43,000 ರೂಪಾಯಿ. ನನಗೆ ಯೂನಿಟ್‌ಗೆ 291.70 ಬಂತು, ನಮ್ಮ ಸೀನಿಯರ್‌ಗೆ 300. ಇಬ್ಬರದ್ದೂ ಕೊನೆಗೆ ಪೈಸೆ ಸಮೇತ ತಾಳೆ ಆಗುತ್ತದೆ! ಹಾಗಾದರೆ ಯಾರದು ತಪ್ಪು ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ಸರಿ. ದರ 300 ರೂಪಾಯಿ. ಆದರೆ ಅವರ ಉತ್ತರಕ್ಕಿಂತ ನೀವು ಕೇಳಿದ ಕೊನೆಯ ಮಾತು ದೊಡ್ಡದು. ಎರಡೂ ತಾಳೆ ಆಗುತ್ತವೆ, ಹಾಗಿದ್ದೂ ಒಂದು ತಪ್ಪು. ಇದು ಹೇಗೆ ಅನ್ನೋದನ್ನು ಹಿಡಿದುಕೊಂಡರೆ ಓಪನಿಂಗ್ ಮಾಲಿನ, ಅಂದರೆ ತಿಂಗಳ ಶುರುವಿಗೆ ಅರ್ಧಕ್ಕೆ ನಿಂತಿದ್ದ ಮಾಲಿನ ಗೊಂದಲ ಮುಕ್ಕಾಲು ಪಾಲು ಬಗೆಹರಿಯುತ್ತದೆ.

ನಿಮ್ಮ 291.70 ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ನೋಡಿದೆ. 8,43,000ವನ್ನು 2,890ರಿಂದ ಭಾಗಿಸಿದ್ದೀರಿ. ಆ 2,890 ಅಂದರೆ 2,500 + 150 + 240. ಮೊದಲ ಎರಡು ಸರಿ ಇವೆ. ಏಪ್ರಿಲ್‌ನಲ್ಲೇ ಶುರುವಾಗಿ ಏಪ್ರಿಲ್‌ನಲ್ಲೇ ಮುಗಿದವು 2,500. ಉಳಿದ 500ರ 30% ಅಂದರೆ ಪೂರ್ತಿ ಮುಗಿದ 150 ಬ್ಯಾಟರಿಯಷ್ಟು ಕೆಲಸ, ಇದನ್ನೇ ಈಕ್ವಿವಲೆಂಟ್ ಯೂನಿಟ್ ಅನ್ನೋದು. ಎಡವಟ್ಟಾಗಿದ್ದು 240ರಲ್ಲಿ. 400ಕ್ಕೆ 60% ಹಚ್ಚಿದ್ದೀರಿ. ಆ 60% ಕೆಲಸ ಮಾಡಿದ್ದು ಮಾರ್ಚ್ ತಿಂಗಳು. ಏಪ್ರಿಲ್ ಮಾಡಿದ್ದು ಬಾಕಿ ಇದ್ದ 40% ಮಾತ್ರ, ಅಂದರೆ 160.

ಫಿಫೋ ಕೇಳುವ ಪ್ರಶ್ನೆ ಒಂದೇ: ಈ ತಿಂಗಳು ಎಷ್ಟು ಕೆಲಸ ಆಯಿತು? ಕ್ಲೋಸಿಂಗ್ ಮಾಲಿಗೆ ಶೇಕಡಾವಾರು ಕೊಟ್ಟರೆ ಅದನ್ನೇ ಹಚ್ಚಬಹುದು. ಅದರ ಮೇಲೆ ಆದ ಕೆಲಸವೆಲ್ಲ ಈ ತಿಂಗಳದ್ದೇ ಅಲ್ವಾ. ಓಪನಿಂಗ್ ಮಾಲಿಗೆ ಶೇಕಡಾವಾರು ಕೊಟ್ಟರೆ ಅದು ಹೋದ ತಿಂಗಳ ಕೆಲಸದ ಅಳತೆ. ನೂರರಿಂದ ಕಳೆದು ಉಳಿದದ್ದನ್ನು ಹಚ್ಚಬೇಕು. ಒಂದೇ ಹಾಳೆಯಲ್ಲಿ ಎರಡು ಕಡೆ ಶೇಕಡಾವಾರು ಬರೆದಿರುತ್ತದೆ, ನೋಡೋಕೆ ಒಂದೇ ತರ ಇರುತ್ತದೆ, ಓದುವ ದಿಕ್ಕು ಮಾತ್ರ ಬೇರೆ. ಕೈತಪ್ಪೋದು ಇಲ್ಲೇ. ಓಪನಿಂಗ್ ಮಾಲು ಸರಿಯಾಗಿ 50% ಆಗಿದ್ದರೆ ಈ ತಪ್ಪು ಕಾಣೋದೇ ಇಲ್ಲ, ಆದದ್ದೂ 50, ಬಾಕಿಯೂ 50. ಅಂಥ ಲೆಕ್ಕಗಳನ್ನೇ ಮಾಡಿ ಅಭ್ಯಾಸ ಆದವರಿಗೆ ಪರೀಕ್ಷೆಯಲ್ಲಿ 60 ಬಂದ ದಿನ ಪೆಟ್ಟು ಬೀಳುತ್ತದೆ.

ಈಗ ಸರಿಯಾದ ಲೆಕ್ಕವನ್ನು ಪೂರ್ತಿ ಮಾಡೋಣ. ನೀವು ಕೊಡದ ಅಂಕಿಗಳನ್ನು ನಾನೇ ದುಂಡಗೆ ಇಟ್ಟುಕೊಳ್ಳುತ್ತೇನೆ. ಅಸೆಂಬ್ಲಿಯಿಂದ ಬ್ಯಾಟರಿ ಮಾರ್ಚ್‌ನಲ್ಲಿ 2,900ರಂತೆ, ಏಪ್ರಿಲ್‌ನಲ್ಲಿ 3,000ದಂತೆ ಬಂತು ಅಂದುಕೊಳ್ಳಿ. ಏಪ್ರಿಲ್‌ನದು 3,000 ಬ್ಯಾಟರಿಗೆ 90,00,000 ಆಯಿತು. ಆ್ಯಸಿಡ್ ಹಾಕೋದು ಚಾರ್ಜಿಂಗ್ ಶುರುವಾಗೋ ಮುಂಚೆ. ಅದಕ್ಕೆ ಏಪ್ರಿಲ್ ಖರ್ಚು 4,80,000. ಕರೆಂಟು, ಕೂಲಿ, ರೆಕ್ಟಿಫೈಯರ್ ಸವಕಳಿ ಎಲ್ಲ ಸೇರಿ ಕನ್ವರ್ಷನ್ ಖರ್ಚು ನಿಮ್ಮ 8,43,000. ಓಪನಿಂಗ್ 400 ಬ್ಯಾಟರಿ ಮಾರ್ಚ್‌ನಿಂದ ಹೊತ್ತುಕೊಂಡು ಬಂದದ್ದು: ಅಸೆಂಬ್ಲಿ 11,60,000, ಆ್ಯಸಿಡ್ 60,000, ಕನ್ವರ್ಷನ್ 60,000. ಒಟ್ಟು 12,80,000.

| | ಅಸೆಂಬ್ಲಿ ಮಾಲು | ಆ್ಯಸಿಡ್ | ಕನ್ವರ್ಷನ್ |
|---|---|---|---|
| ಓಪನಿಂಗ್ 400 ಮುಗಿಸಲು | 0 | 0 | 160 |
| ಶುರುವಾಗಿ ಮುಗಿದ 2,500 | 2,500 | 2,500 | 2,500 |
| ಕ್ಲೋಸಿಂಗ್ 500 | 500 | 500 | 150 |
| ಈಕ್ವಿವಲೆಂಟ್ ಯೂನಿಟ್ | 3,000 | 3,000 | 2,810 |
| ಏಪ್ರಿಲ್ ಖರ್ಚು | 90,00,000 | 4,80,000 | 8,43,000 |
| ದರ | 3,000 | 160 | 300 |

ಮೊದಲ ಸಾಲಿನ ಎರಡು ಸೊನ್ನೆಗಳನ್ನು ಸ್ವಲ್ಪ ನಿಂತು ನೋಡಿ. ಆ 400 ಬ್ಯಾಟರಿ ಮಾರ್ಚ್‌ನಲ್ಲೇ ಅಸೆಂಬ್ಲಿಯಿಂದ ಬಂದಿವೆ, ಆ್ಯಸಿಡ್ಡೂ ಮಾರ್ಚ್‌ನಲ್ಲೇ ಬಿದ್ದಿದೆ. ಏಪ್ರಿಲ್‌ನಲ್ಲಿ ಅವುಗಳಿಗೆ ಒಂದು ಹನಿ ಆ್ಯಸಿಡ್ ಹೋಗಿಲ್ಲ. ಹಾಗಾಗಿ ಸೊನ್ನೆ. ಹಿಂದಿನ ವಿಭಾಗದಿಂದ ಬಂದ ಮಾಲು ಓಪನಿಂಗ್‌ನಲ್ಲಿದ್ದರೆ ಫಿಫೋದಲ್ಲಿ ಅದರ ಸಾಲು ಯಾವಾಗಲೂ ಸೊನ್ನೆಯೇ. ಇದನ್ನು ಮರೆತು 400 ಹಾಕುವವರು ಬಹಳ ಜನ. ಹಾಗೆ ಹಾಕಿದರೆ ದರ 90,00,000 ಭಾಗಿಸು 3,400, ಸುಮಾರು 2,647 ಬರುತ್ತದೆ. ಅಸೆಂಬ್ಲಿಯವರು 3,000ದಂತೆ ಬಿಲ್ ಹರಿದಿರುವಾಗ ನಮ್ಮ ಹಾಳೆಯಲ್ಲಿ 2,647 ಯಾಕೆ ಬಂತು ಅಂತ ಅಲ್ಲೇ ಅನುಮಾನ ಬರಬೇಕು. ಈ ತಪ್ಪು ತನ್ನನ್ನು ತಾನೇ ತೋರಿಸಿಕೊಡುತ್ತದೆ. ನಿಮ್ಮದು ಹಾಗಲ್ಲ.

ಇನ್ನು ಹಂಚಿಕೆ. ಓಪನಿಂಗ್ 400ಕ್ಕೆ ಮಾರ್ಚ್‌ನ 12,80,000 ಹಾಗೇ ಇರುತ್ತದೆ, ಅದರ ಮೇಲೆ 160 ಗುಣಿಸು 300, ಅಂದರೆ 48,000 ಸೇರುತ್ತದೆ. ಒಟ್ಟು 13,28,000. ಒಂದು ಬ್ಯಾಟರಿಗೆ 3,320. ಶುರುವಾಗಿ ಮುಗಿದ 2,500ಕ್ಕೆ ತಲಾ 3,460ರಂತೆ 86,50,000. ಕ್ಲೋಸಿಂಗ್ 500ಕ್ಕೆ ಅಸೆಂಬ್ಲಿ ಮತ್ತು ಆ್ಯಸಿಡ್ ಸೇರಿ 15,80,000, ಕನ್ವರ್ಷನ್ 45,000, ಒಟ್ಟು 16,25,000. ಮೂರನ್ನೂ ಕೂಡಿಸಿದರೆ 1,16,03,000. ಓಪನಿಂಗ್ 12,80,000ಕ್ಕೆ ಏಪ್ರಿಲ್ ಖರ್ಚು 1,03,23,000 ಸೇರಿಸಿದರೂ ಅಷ್ಟೇ.

ಈಗ ನಿಮ್ಮ ದರ ಹಾಕಿ ಅದೇ ಹಂಚಿಕೆ ಮಾಡಿ. ಓಪನಿಂಗ್‌ಗೆ ಕನ್ವರ್ಷನ್ 70,007, ಮುಗಿದ 2,500ಕ್ಕೆ 7,29,239, ಕ್ಲೋಸಿಂಗ್‌ಗೆ 43,754. ಕೂಡಿಸಿ ನೋಡಿ, ಸರಿಯಾಗಿ 8,43,000. ಕಾರಣ ಸರಳ. ಯಾವ ಸಂಖ್ಯೆಯಿಂದ ಭಾಗಿಸಿದಿರೋ ಅದೇ ಸಂಖ್ಯೆಯಿಂದ ಮತ್ತೆ ಗುಣಿಸುತ್ತಿದ್ದೀರಿ. 2,890 ಬದಲು 5,000 ಹಾಕಿ, ಹಂಚುವಾಗಲೂ ಒಟ್ಟು 5,000ವನ್ನೇ ಬಳಸಿದರೆ ಅದೂ ತಾಳೆ ಆಗುತ್ತದೆ. ಅಂದರೆ ಈ ತಾಳೆ ಹೇಳೋದು ಖರ್ಚು ಎಲ್ಲೂ ಸೋರಿಹೋಗಿಲ್ಲ ಅಂತ ಅಷ್ಟೇ. ಅದು ಸರಿಯಾದ ಬ್ಯಾಟರಿಯ ಮೇಲೆ ಕೂತಿದೆಯಾ ಅಂತ ಹೇಳೋದಿಲ್ಲ. ನಿಮ್ಮ ಹಾಳೆಯಲ್ಲಿ ಹಳೆಯ 400 ಬ್ಯಾಟರಿಗಳ ಮೇಲೆ 22,007 ರೂಪಾಯಿ ಜಾಸ್ತಿ ಬಿತ್ತು, ತಲಾ ಸುಮಾರು 55. ಹೊಸ ಬ್ಯಾಟರಿಗಳ ಮೇಲೆ ಅಷ್ಟೇ ಕಡಿಮೆ ಬಿತ್ತು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಮುಗಿದ 2,900 ಬ್ಯಾಟರಿಯೂ ಏಪ್ರಿಲ್‌ನಲ್ಲೇ ಮಾರಾಟ ಆಗಿಬಿಟ್ಟಿದ್ದರೆ ನಿಮ್ಮ ತಪ್ಪಿನಿಂದ ಲಾಭದಲ್ಲಿ ಆಗುವ ವ್ಯತ್ಯಾಸ 1,246 ರೂಪಾಯಿ ಮಾತ್ರ. ಕ್ಲೋಸಿಂಗ್ ಸ್ಟಾಕ್ ಅಷ್ಟು ಕಡಿಮೆ ತೋರಿಸಿದಂತೆ. ಆಡಿಟರ್ ಅದನ್ನು ತಿರುಗಿಯೂ ನೋಡಲಿಕ್ಕಿಲ್ಲ. ಕೆಡೋದು ದರ. ಮಾರ್ಚ್‌ನಲ್ಲಿ 240 ಈಕ್ವಿವಲೆಂಟ್ ಯೂನಿಟ್‌ಗೆ 60,000, ಅಂದರೆ ಯೂನಿಟ್‌ಗೆ 250 ಇತ್ತು. ಏಪ್ರಿಲ್‌ನಲ್ಲಿ 300 ಆಗಿದೆ. ಐದಕ್ಕೆ ಒಂದರಷ್ಟು ಏರಿದೆ. ಇದು ಕರೆಂಟು ದರದಿಂದಲೋ, ರಾತ್ರಿ ಶಿಫ್ಟಿನ ಓವರ್‌ಟೈಮಿಂದಲೋ, ಚಾರ್ಜ್ ಹಿಡಿಯದೆ ಮತ್ತೆ ಚಾರ್ಜಿಗೆ ಹಾಕಿದ ಮಾಲಿನಿಂದಲೋ ಅಂತ ವರ್ಕ್ಸ್ ಮ್ಯಾನೇಜರ್ ಹುಡುಕಬೇಕು. ಫಿಫೋ ಮಾಡೋದೇ ಇದಕ್ಕಾಗಿ. ನಿಮ್ಮ ದರದಲ್ಲಿ ಆ ಏರಿಕೆ ಸುಮಾರು ಎಂಟು ರೂಪಾಯಿ ಕಡಿಮೆ ಕಾಣುತ್ತದೆ. ಓಪನಿಂಗ್ ಮಾಲು 400 ಬದಲು 1,500 ಇದ್ದಿದ್ದರೆ ದರ ಇನ್ನೂ ದೂರ ಹೋಗುತ್ತಿತ್ತು.

ಹಾಗಾದರೆ ತಾಳೆ ಬಿಟ್ಟು ಬೇರೆ ಯಾವ ಪರೀಕ್ಷೆ ಇದೆ? ಎರಡಿವೆ.

ಮೊದಲನೆಯದು ಕಾಗದದ ಮೇಲೆ ಆಗುವಂಥದ್ದು. ಹೋದ ತಿಂಗಳ ಕೆಲಸವನ್ನೂ ಈ ತಿಂಗಳದ್ದನ್ನೂ ಬೆರೆಸಿ ನೋಡುವ ವೇಟೆಡ್ ಆ್ಯವರೇಜ್ ವಿಧಾನದಲ್ಲಿ ಯೂನಿಟ್ ಎಣಿಸಿ. ಅಲ್ಲಿ ಓಪನಿಂಗ್ ಗೋಜೇ ಇಲ್ಲ. ಮುಗಿದ 2,900 ಮತ್ತು ಕ್ಲೋಸಿಂಗ್‌ನ 150, ಒಟ್ಟು 3,050. ಇದರಿಂದ ಓಪನಿಂಗ್ ಮಾಲಿನ ಮೇಲೆ ಹೋದ ತಿಂಗಳೇ ಆದ ಕೆಲಸವನ್ನು, ಅಂದರೆ 240ನ್ನು ಕಳೆಯಿರಿ. ಬಂದದ್ದು 2,810. ಇದೇ ಫಿಫೋದ ಉತ್ತರ. 60% ಹಚ್ಚಿದ 240 ಬಳಸಬೇಕಾದ ಜಾಗ ಇದು, ಕಳೆಯೋ ಜಾಗ. ನೀವು ಅದನ್ನೇ ಕೂಡಿಸಿದ್ದಿರಿ. ಬೇರೆ ದಾರಿಯಿಂದ ಹೋಗಿ ಅದೇ ಸಂಖ್ಯೆಗೆ ಬಂದು ತಲುಪೋದರಿಂದ ಈ ಪರೀಕ್ಷೆಗೆ ಬೆಲೆ ಇದೆ. ಪರೀಕ್ಷಾ ಹಾಲ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಎರಡನೆಯದಕ್ಕೆ ಕುರ್ಚಿ ಬಿಟ್ಟು ಏಳಬೇಕು. ಚಾರ್ಜಿಂಗ್ ಶೆಡ್‌ಗೆ ಹೋಗಿ. ಗಂಟಲಲ್ಲಿ ಆ್ಯಸಿಡ್ ಹೊಗೆ ಚುರುಗುಟ್ಟುತ್ತದೆ, ಮಾಸ್ಕ್ ಹಾಕಿಕೊಂಡೇ ಹೋಗಿ. ನೀರಿನ ತೊಟ್ಟಿಗಳಲ್ಲಿ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ ಕೊಟ್ಟು ಸರ್ಕ್ಯೂಟ್ ಮಾಡಿರುತ್ತಾರೆ. ಒಳಗೆ ಸೀಸದ ಪೇಸ್ಟ್ ಹಚ್ಚಿದ ಪ್ಲೇಟುಗಳು ಆ್ಯಸಿಡ್‌ನಲ್ಲಿ ಮುಳುಗಿ, ಕರೆಂಟು ಹರಿದಂತೆ ಒಂದು ಕಡೆ ಲೆಡ್ ಡೈಆಕ್ಸೈಡ್, ಇನ್ನೊಂದು ಕಡೆ ಸ್ಪಂಜಿನಂಥ ಸೀಸ ಆಗುತ್ತಿರುತ್ತವೆ. ಗಂಟೆಗಟ್ಟಲೆ ಹಿಡಿಯುವ ಕೆಲಸ, ನಡುವೆ ಬಿಡೋಕಾಗೋದಿಲ್ಲ. ಅದಕ್ಕೇ ತಿಂಗಳ ಕೊನೆಯ ರಾತ್ರಿ ಯಾವಾಗಲೂ ಒಂದಷ್ಟು ಮಾಲು ಅರ್ಧಕ್ಕೆ ನಿಂತಿರುತ್ತದೆ. ಪ್ರತಿ ಸರ್ಕ್ಯೂಟಿಗೂ ಒಂದು ಕಾರ್ಡ್ ಅಥವಾ ರಿಜಿಸ್ಟರ್ ಸಾಲು ಇರುತ್ತದೆ: ಎಷ್ಟು ಬ್ಯಾಟರಿ, ಯಾವ ದಿನ ಎಷ್ಟು ಗಂಟೆಗೆ ಹಾಕಿದ್ದು, ಎಷ್ಟು ಗಂಟೆಗೆ ತೆಗೆದದ್ದು.

ನಿಮ್ಮ ಪ್ರೋಗ್ರಾಂ 50 ಗಂಟೆಯದು ಅಂತ ಇಟ್ಟುಕೊಳ್ಳಿ. ಓಪನಿಂಗ್ 400ರ ಕಾರ್ಡಿನಲ್ಲಿ ‘ಮಾರ್ಚ್ 30, ಸಂಜೆ 6’ ಅಂತ ಇದ್ದರೆ 31ರ ಮಧ್ಯರಾತ್ರಿಗೆ 30 ಗಂಟೆ ಆಗಿದೆ. ಅದೇ ನಿಮ್ಮ 60%. ಏಪ್ರಿಲ್‌ಗೆ ಬಾಕಿ ಇದ್ದದ್ದು 20 ಗಂಟೆ. ಕ್ಲೋಸಿಂಗ್ 500 ಹಾಕಿದ್ದು ಏಪ್ರಿಲ್ 30ರ ಬೆಳಿಗ್ಗೆ 9ಕ್ಕೆ ಆದರೆ ಮಧ್ಯರಾತ್ರಿಗೆ 15 ಗಂಟೆ, ಅಂದರೆ 30%. ಈಗ ಏಪ್ರಿಲ್‌ನಲ್ಲಿ ಓಡಿದ ಬ್ಯಾಟರಿ-ಗಂಟೆಗಳನ್ನು ಕೂಡಿಸಿ. ಹಳೆಯ 400ಕ್ಕೆ 20ರಂತೆ 8,000. ಹೊಸ 2,500ಕ್ಕೆ 50ರಂತೆ 1,25,000. ಉಳಿದ 500ಕ್ಕೆ 15ರಂತೆ 7,500. ಒಟ್ಟು 1,40,500 ಗಂಟೆ. 50ರಿಂದ ಭಾಗಿಸಿದರೆ 2,810. ನಿಮ್ಮ 2,890 ನಿಜ ಆಗಬೇಕಾದರೆ ರಿಜಿಸ್ಟರಿನಲ್ಲಿ 1,44,500 ಗಂಟೆ ಇರಬೇಕಿತ್ತು. ಆ 4,000 ಗಂಟೆ ಯಾವ ಸರ್ಕ್ಯೂಟಿನಲ್ಲೂ ಓಡಿಲ್ಲ.

ಸೀನಿಯರ್ ಜೊತೆ ವಾದ ಮಾಡೋದಕ್ಕಿಂತ ಈ ರಿಜಿಸ್ಟರ್ ನೋಡೋದು ಒಳ್ಳೆಯದು. ಈಕ್ವಿವಲೆಂಟ್ ಯೂನಿಟ್ ಅನ್ನೋದು ಗಾಳಿಯಲ್ಲಿರುವ ಸಂಖ್ಯೆ ಅಲ್ಲ, ಶೆಡ್‌ನಲ್ಲಿ ಆದ ಕೆಲಸದ ಇನ್ನೊಂದು ಅಳತೆ. ಆದರೆ ಒಂದು ಎಚ್ಚರಿಕೆ. ಗಂಟೆ ಮತ್ತು ಖರ್ಚು ಒಂದೇ ವೇಗದಲ್ಲಿ ಓಡುತ್ತವೆ ಅಂತ ನಾವಿಲ್ಲಿ ಸುಮ್ನೆ ಒಪ್ಪಿಕೊಂಡಿದ್ದೇವೆ. ನಿಜದಲ್ಲಿ ಪ್ರೋಗ್ರಾಂನ ಬೇರೆ ಬೇರೆ ಹಂತದಲ್ಲಿ ಕರೆಂಟು ಬೇರೆ ಬೇರೆ ಆಂಪಿಯರ್‌ನಲ್ಲಿ ಹರಿಯುತ್ತದೆ, ನಡುವೆ ಬಿಡುವೂ ಇರುತ್ತದೆ. ಜೋಡಿಸುವ ಕೂಲಿ ಮೊದಲೇ ಬೀಳುತ್ತದೆ, ಕಳಚಿ ಟೆಸ್ಟ್ ಮಾಡುವ ಕೂಲಿ ಕೊನೆಗೆ. ಕರೆಂಟೇ ದೊಡ್ಡ ಖರ್ಚಾಗಿದ್ದರೆ ಗಂಟೆಯ ಬದಲು ಆಂಪಿಯರ್-ಅವರ್ ಹಿಡಿದು ಶೇಕಡಾವಾರು ಹಾಕೋದು ಇನ್ನೂ ಸರಿ. ಯಾವುದನ್ನೇ ಹಿಡಿಯಿರಿ, ಮಾರ್ಚ್ ಕ್ಲೋಸಿಂಗ್‌ಗೆ ಬಳಸಿದ ಅಳತೆಯನ್ನೇ ಏಪ್ರಿಲ್ ಓಪನಿಂಗ್‌ಗೂ ಬಳಸಿ. ಮಾರ್ಚ್ 31ರ ಸ್ಟಾಕ್ ಶೀಟ್ ಹೇಗೂ ಆಡಿಟ್ ಫೈಲಿನಲ್ಲಿ ಇರುತ್ತದೆ. 60% ಅನ್ನೋದನ್ನು ಯಾರದೋ ಬಾಯಿಂದ ಕೇಳಿ ಬರೆಯೋ ಬದಲು ಅಲ್ಲಿಂದಲೇ ಎತ್ತಿ.

ನಿಮ್ಮ ತಪ್ಪಿನ ಅಣ್ಣನಂಥ ಇನ್ನೊಂದು ತಪ್ಪಿದೆ. ಯೂನಿಟ್ ಸರಿಯಾಗಿ 2,810 ಎಣಿಸಿ, ಮೇಲಿನ ಖರ್ಚಿಗೆ ಮಾತ್ರ ಓಪನಿಂಗ್‌ನ 60,000 ಸೇರಿಸಿಬಿಡೋದು. ಆಗ 9,03,000 ಭಾಗಿಸು 2,810, ದರ 321.35. ಮೇಲೆ ಎರಡು ತಿಂಗಳ ದುಡ್ಡು, ಕೆಳಗೆ ಒಂದೇ ತಿಂಗಳ ಕೆಲಸ. ಇದು ಮಾತ್ರ ತಾಳೆ ಆಗೋದಿಲ್ಲ. ಹಂಚುವಾಗ ಆ 60,000 ಓಪನಿಂಗ್ ಮಾಲಿನ ಜೊತೆ ಇನ್ನೊಮ್ಮೆ ಬರುವುದರಿಂದ ಒಟ್ಟು ಸರಿಯಾಗಿ 60,000 ಜಾಸ್ತಿ ಬರುತ್ತದೆ. ಎಂದಾದರೂ ನಿಮ್ಮ ಲೆಕ್ಕ ಓಪನಿಂಗ್‌ನ ಯಾವುದಾದರೂ ಒಂದು ಅಂಕಿಯಷ್ಟೇ ಹೆಚ್ಚು ಬಂದರೆ, ಬೇರೆಲ್ಲೂ ಹುಡುಕಬೇಡಿ. ಅದು ಎರಡು ಸಲ ಬಂದಿದೆ.

ಎರಡು ತಿಂಗಳ ದುಡ್ಡನ್ನು ಸೇರಿಸಲೇಬೇಕು ಅಂದರೆ ಕೆಳಗೂ ಎರಡು ತಿಂಗಳ ಕೆಲಸ ಇರಬೇಕು. ಅದೇ ವೇಟೆಡ್ ಆ್ಯವರೇಜ್: 9,03,000 ಭಾಗಿಸು 3,050, ದರ 296.07. ಇದೂ ತಪ್ಪಲ್ಲ. ಸ್ಟಾಕ್ ಬೆಲೆ ಕಟ್ಟೋಕೆ ಇರುವ ಲೆಕ್ಕಪತ್ರ ಮಾನದಂಡಗಳಾದ ಎಎಸ್ 2, ಇಂಡ್ ಎಎಸ್ 2 ಎರಡೂ ಫಿಫೋ ಮತ್ತು ವೇಟೆಡ್ ಆ್ಯವರೇಜ್ ಎರಡನ್ನೂ ಒಪ್ಪುತ್ತವೆ. ಒಂದನ್ನು ಹಿಡಿದು ನಡೆಸಿಕೊಂಡು ಹೋಗಬೇಕು ಅಷ್ಟೇ. ನನ್ನ ಅಭಿಪ್ರಾಯ ಕೇಳಿದರೆ, ಓಪನಿಂಗ್ ಮಾಲು ಕಡಿಮೆ ಇದ್ದು ದರ ಹೆಚ್ಚು ಏರಿಳಿಯದ ಫ್ಯಾಕ್ಟರಿಯಲ್ಲಿ ಪುಸ್ತಕಕ್ಕೆ ವೇಟೆಡ್ ಆ್ಯವರೇಜ್ ಸಾಕು. ಆದರೆ ತಿಂಗಳ ಮೀಟಿಂಗ್‌ನಲ್ಲಿ ‘ಏಪ್ರಿಲ್ ಹೇಗಿತ್ತು’ ಅಂತ ಮಾತಾಡೋಕೆ 300 ಬೇಕು. 296ರಲ್ಲಿ ಮಾರ್ಚ್‌ನ ಅಗ್ಗದ ಕೆಲಸ ಬೆರೆತಿದೆ.

‘ಬಾಕಿ ಇದ್ದ ಕೆಲಸ’ ಅನ್ನೋದನ್ನು ಒಂದೇ ಶೇಕಡಾವಾರು ಅಂತ ತಿಳಿಯಬೇಡಿ. ನಿಮ್ಮಲ್ಲಿ ರಟ್ಟಿನ ಪೆಟ್ಟಿಗೆ, ಲೇಬಲ್ ಎಲ್ಲ ಮುಂದಿನ ಪ್ಯಾಕಿಂಗ್ ವಿಭಾಗದಲ್ಲಿ ಬರಬಹುದು. ಒಂದು ವೇಳೆ ಚಾರ್ಜಿಂಗ್ ಮುಗಿದ ಮೇಲೆ ಇಲ್ಲೇ ಪೆಟ್ಟಿಗೆಗೆ ಹಾಕುತ್ತಿದ್ದರೆ ಆ ಕಾಲಂನಲ್ಲಿ ಓಪನಿಂಗ್ 400ಕ್ಕೆ ಪೂರ್ತಿ 400 ಬರುತ್ತದೆ. ಯಾಕೆಂದರೆ ಅವುಗಳ ಪೆಟ್ಟಿಗೆ ಬಿದ್ದದ್ದು ಏಪ್ರಿಲ್‌ನಲ್ಲಿ. ಕ್ಲೋಸಿಂಗ್ 500ಕ್ಕೆ ಸೊನ್ನೆ. ಒಟ್ಟು 2,900. ಹೀಗೆ ಅದೇ 400 ಬ್ಯಾಟರಿ ಒಂದು ಕಾಲಂನಲ್ಲಿ ಸೊನ್ನೆ, ಒಂದರಲ್ಲಿ 160, ಇನ್ನೊಂದರಲ್ಲಿ 400 ಆಗಿ ಕೂರುತ್ತವೆ. ಪ್ರಶ್ನೆ ಪತ್ರಿಕೆಯಲ್ಲಿ ‘60% ಪೂರ್ಣ’ ಅಂತ ಒಂದೇ ಮಾತು ಕೊಟ್ಟು, ಸಾಮಗ್ರಿ ಯಾವ ಹಂತದಲ್ಲಿ ಸೇರುತ್ತದೆ ಅಂತ ಬೇರೆ ಸಾಲಿನಲ್ಲಿ ಕೊಟ್ಟಿರುತ್ತಾರೆ. ಸಾಮಗ್ರಿ 70% ಹಂತದಲ್ಲಿ ಸೇರುತ್ತದೆ ಅಂದರೆ ನಿಮ್ಮ 60%ದ ಮಾಲಿಗೆ ಅದು ಇನ್ನೂ ಬಿದ್ದಿಲ್ಲ, ಪೂರ್ತಿ 400 ಎಣಿಸಿ. 50% ಹಂತದಲ್ಲಿ ಅಂದರೆ ಆಗಲೇ ಬಿದ್ದಿದೆ, ಸೊನ್ನೆ.

ನಷ್ಟದ ಬಗ್ಗೆ ನೀವು ಕೇಳಿಲ್ಲ, ಆದರೂ ಪರೀಕ್ಷೆಗೆ ಬೇಕು. ಚಾರ್ಜಿಂಗ್‌ನಲ್ಲಿ ಕೆಲವು ಬ್ಯಾಟರಿ ಕೆಟ್ಟು ಹೋಗುತ್ತವೆ. ಫಿಫೋದಲ್ಲಿ ಆ ಸಾಮಾನ್ಯ ನಷ್ಟ ಈ ತಿಂಗಳು ಒಳಗೆ ಬಂದ 3,000ರಲ್ಲೇ ಆಯಿತು ಅಂತ ಹಿಡಿಯೋದು ರೂಢಿ. 60 ಕೆಟ್ಟವು ಅಂದರೆ ಶುರುವಾಗಿ ಮುಗಿದದ್ದು 2,440, ಓಪನಿಂಗ್ 400 ಹಾಗೇ ಇರುತ್ತದೆ. ಸಾಮಾನ್ಯ ನಷ್ಟಕ್ಕೆ ಈಕ್ವಿವಲೆಂಟ್ ಯೂನಿಟ್ ಕೊಡೋದಿಲ್ಲ. ಗುಜರಿಗೆ ಮಾರಿದರೆ ಬರುವ ದುಡ್ಡನ್ನು ಸಾಮಗ್ರಿ ಖರ್ಚಿನಿಂದ ಕಳೆಯಬೇಕು. ಅಸಾಮಾನ್ಯ ನಷ್ಟ ಇದ್ದರೆ ಅದಕ್ಕೆ ಮಾತ್ರ ಯೂನಿಟ್ ಎಣಿಸಿ ಬೆಲೆ ಹಚ್ಚಬೇಕು.

ಇನ್ನು ಪ್ಯಾಕಿಂಗ್ ವಿಭಾಗಕ್ಕೆ ಏನು ಬರೆದು ಕಳಿಸಬೇಕು? ನಮ್ಮ ಹಾಳೆಯಲ್ಲಿ 400 ಬ್ಯಾಟರಿಗೆ 3,320, 2,500ಕ್ಕೆ 3,460 ಅಂತ ಎರಡು ಬೆಲೆ ಇವೆ. ಅವರು ಎರಡನ್ನೂ ಬೇರೆ ಬೇರೆ ಹೊತ್ತು ತಿರುಗೋದಿಲ್ಲ. 13,28,000 ಮತ್ತು 86,50,000 ಸೇರಿಸಿ 99,78,000, ಅದನ್ನು 2,900ರಿಂದ ಭಾಗಿಸಿ ತಲಾ 3,440.69 ಅಂತ ತೆಗೆದುಕೊಳ್ಳುತ್ತಾರೆ. ಅಂದರೆ ಫಿಫೋ ಒಂದು ವಿಭಾಗದ ಒಳಗೆ ಮಾತ್ರ ಕಟ್ಟುನಿಟ್ಟು, ಬಾಗಿಲು ದಾಟಿದ ಕೂಡಲೇ ಸರಾಸರಿ. ಮೇ ತಿಂಗಳಲ್ಲಿ ಪ್ಯಾಕಿಂಗ್‌ನ ಓಪನಿಂಗ್ ಮಾಲಿನಲ್ಲಿ ಈ 3,440.69 ಕಂಡರೆ ಯಾವ ಬ್ಯಾಟರಿಗೂ ಹೊಂದದ ಬೆಲೆ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳಬೇಡಿ.